ಕೊಡುಗೈ ದಾನಿಗಳೂ ಆದ ತಮ್ಮಲ್ಲಿ ವಿನಂತಿ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವ ಹತ್ತಿರ ಬಂದಾಗ ಹೊರಡುತ್ತಿದ್ದ ಪತ್ರಗಳ ಧಾಟಿ ನನಗೆ ಬಾಯಿಪಾಠವಾಗಿ ಉಳಿದಿದೆ. ಮೇಲ್ಗಡೆ ಸಂಸ್ಥೆಯ ಲಾಂಛನ, ಅದರ ಕೆಳಗೆ ಟ್ರಸ್ಟ್ ನೋಂದಣಿ ಸಂಖ್ಯೆ, ಎಡಬದಿಯಲ್ಲಿ ಪದಾಧಿಕಾರಿಗಳ ಹೆಸರಿನ ಉದ್ದನೆಯ ಪಟ್ಟಿ. ನಂತರ ‘ಮಾನ್ಯರೇ’. ಅಲ್ಲಿಂದ ಮುಂದಕ್ಕೆ, ಸಮಾಜಸೇವಕರೂ ಕಲಾಪೋಷಕರೂ ಕೊಡುಗೈ ದಾನಿಗಳೂ ಆದ ತಾವು ತನು-ಮನ-ಧನಗಳಿಂದ ಸಹಕರಿಸಿ ಕಾರ್ಯಕ್ರಮವನ್ನು ಚಂದಗಾಣಿಸಿಕೊಡಬೇಕಾಗಿ ವಿನಂತಿ. ಇದಿಷ್ಟೇ ಆಗಿದ್ದರೆ ಹೇಳುವುದಕ್ಕೇನೂ ಇರುತ್ತಿರಲಿಲ್ಲ. ಆದರೆ ಪುಟ ತಿರುಗಿಸಿದರೆ ಬೇರೆಯೇ ಲೋಕ: ಪ್ಲಾಟಿನಂ, ಗೋಲ್ಡ್, ಸಿಲ್ವರ್ ಪ್ರಾಯೋಜಕರು, ಸ್ಮರಣ ಸಂಚಿಕೆಯ ಹಿಂಬದಿ ರಕ್ಷಾಪುಟ, ಒಳಪುಟ, ಅರ್ಧ ಪುಟ, ಕಾಲು ಪುಟ, ವೇದಿಕೆಯ ಬ್ಯಾನರು, ಸನ್ಮಾನ, ಕೊನೆಗೆ 80ಜಿ ವಿನಾಯಿತಿ. ಮೊದಲ ಪುಟ ದಾನ ಬೇಡುತ್ತದೆ, ಎರಡನೆಯ ಪುಟ ಜಾಗ ಮಾರುತ್ತದೆ. ಒಂದೇ ಲಕೋಟೆಯಲ್ಲಿ ಕೂತ ಈ ಎರಡು ಪತ್ರಗಳು ಒಂದಕ್ಕೊಂದು ಕೇಡು ಮಾಡುತ್ತವೆ ಎಂಬುದು ನನ್ನ ವಾದ. ದಾನವೋ ವ್ಯಾಪಾರವೋ ಎಂದು ಬರೆಯುವ ಮುಂಚೆ ತೀರ್ಮಾನಿಸದ ಸಂಸ್ಥೆಗೆ ದಾನವೂ ಪೂರ್ತಿ ಸಿಗುವುದಿಲ್ಲ, ವ್ಯಾಪಾರವೂ ಕುದುರುವುದಿಲ್ಲ.

ಈ ಬೆರಕೆ ಹೇಗಾಯಿತು ಎಂದು ನೋಡಲು ಸ್ವಲ್ಪ ಹಿಂದೆ ಹೋಗಬೇಕು. ಈ ನಗರದಲ್ಲಿ ನಮ್ಮವರ ಸಂಸ್ಥೆಗಳಿಗೆ ಶತಮಾನ ದಾಟಿದ ಬೇರುಗಳಿವೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಕೆನರಾ ಸಾರಸ್ವತ ಅಸೋಸಿಯೇಷನ್ 1911ರದು, ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಷನ್ 1932ರದು, ಕರ್ನಾಟಕ ಸಂಘ 1933ರದು. ಇವುಗಳ ನೆರಳಲ್ಲಿ, ಇವುಗಳ ಆಚೆಗೂ, ಉಪನಗರಗಳ ತುಂಬ ನೂರಾರು ಸಣ್ಣ ಸಂಘಗಳು, ಶಾಲೆಗಳು, ಭಜನಾ ಮಂಡಳಿಗಳು, ಯಕ್ಷಗಾನ ಮಂಡಳಿಗಳು ಹುಟ್ಟಿದವು. ಇವನ್ನು ಸಾಕಿದವರಲ್ಲಿ ದೊಡ್ಡ ಪಾಲು ಹೋಟೆಲಿನವರದು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು ಓದಿದವರು ಎಷ್ಟೋ ಮಂದಿ. ಅವರಲ್ಲಿ ಕೆಲವರು ಮುಂದೆ ತಾವೇ ಗಲ್ಲಾದ ಮೇಲೆ ಕೂತರು. ರಾತ್ರಿ ಶಾಲೆಯ ವಾರ್ಷಿಕೋತ್ಸವಕ್ಕೆ ಅಂಥವರು ಕೊಟ್ಟ ಹಣ ಋಣ ತೀರಿಸುವ ಹಣ. ಸ್ಮರಣ ಸಂಚಿಕೆಯಲ್ಲಿ ‘ಶುಭ ಹಾರೈಕೆಗಳೊಂದಿಗೆ’ ಎಂದು ಮೇಲೆ ಅಚ್ಚಾಗಿ, ಕೆಳಗೆ ಹೋಟೆಲಿನ ಹೆಸರೂ ಅದು ಇರುವ ರಸ್ತೆಯ ಹೆಸರೂ ಇರುತ್ತಿದ್ದ ಪುಟವನ್ನು ಯಾರೂ ಜಾಹೀರಾತು ಎಂದು ಓದಲಿಲ್ಲ. ಮಾಟುಂಗಾದ ಊಟದ ಮನೆಗೆ ಗಿರಾಕಿ ಬರಲು ಡೊಂಬಿವಲಿಯ ಸಂಘದ ಸಂಚಿಕೆ ಬೇಕಿರಲಿಲ್ಲ. ಕೊಡುವವರಿಗೆ ಸಂಕೋಚ ಆಗದಿರಲಿ, ತೆಗೆದುಕೊಳ್ಳುವವರಿಗೆ ಕೈಯೊಡ್ಡಿದಂತೆ ಕಾಣದಿರಲಿ ಎಂಬ ಮರ್ಯಾದೆಗೆ ಆ ಪುಟವೊಂದು ತೆಳುವಾದ ಪರದೆ. ಸಂಚಿಕೆಗೆ ಜಾಹೀರಾತು ಎಂಬುದು ದಾನಕ್ಕೆ ಇಟ್ಟ ಇನ್ನೊಂದು ಹೆಸರಾಗಿತ್ತು, ಎರಡೂ ಕಡೆಯವರಿಗೆ ಅದು ಗೊತ್ತಿತ್ತು.

ಆ ಏರ್ಪಾಡು ಚೆನ್ನಾಗಿಯೇ ನಡೆಯಿತು, ಯಾಕೆಂದರೆ ಕೇಳುವವರು ಕೊಡುವವರ ಮುಂದೆ ಹೋಗಿ ನಿಲ್ಲುತ್ತಿದ್ದರು. ಪತ್ರ ಬರೀ ನೆಪ. ಕಾರ್ಯದರ್ಶಿಯೂ ಇಬ್ಬರು ಹಿರಿಯರೂ ಮಧ್ಯಾಹ್ನದ ಗಿರಾಕಿ ತೆಳುವಾದ ಹೊತ್ತು ನೋಡಿ ಹೋಟೆಲಿಗೆ ಹೋಗುತ್ತಿದ್ದರು, ಕಾಫಿ ಬರುತ್ತಿತ್ತು, ಊರಿನ ಮಾತಾಗುತ್ತಿತ್ತು, ರಸೀದಿ ಪುಸ್ತಕ ಹೊರಬರುತ್ತಿತ್ತು. ಪತ್ರದಲ್ಲಿ ಏನು ಬರೆದಿದೆ ಎಂದು ಓದಿ ಯಾರೂ ಕೊಟ್ಟಿದ್ದಿಲ್ಲ. ಹಾಗಾಗಿ ಪತ್ರ ಬರೆಯುವ ಕಲೆಯನ್ನು ನಮ್ಮ ಸಂಸ್ಥೆಗಳು ಕಲಿಯುವ ಅಗತ್ಯವೇ ಬೀಳಲಿಲ್ಲ. ಈಗ ಅಂಥ ಗಲ್ಲಾಗಳು ಕಡಿಮೆ. ಹಲವು ಹೋಟೆಲುಗಳು ಕೈ ಬದಲಾಗಿವೆ, ಕೆಲವನ್ನು ಗುತ್ತಿಗೆಗೆ ಕೊಟ್ಟಾಗಿದೆ, ಉಳಿದ ಕಡೆ ಮಕ್ಕಳು ಕೂತಿದ್ದಾರೆ. ಅವರು ಕನ್ನಡ ಶಾಲೆಗೆ ಹೋದವರಲ್ಲ, ಹೋಗದಿದ್ದುದಕ್ಕೆ ಅವರನ್ನು ದೂರುವುದೂ ಸರಿಯಲ್ಲ. ಭಾದ್ರಪದದಲ್ಲಿ ಗಣೇಶ ಮಂಡಳಗಳ ವರ್ಗಣಿ ರಸೀದಿ, ಆಮೇಲೆ ನವರಾತ್ರಿಯದು, ಅದರ ಬೆನ್ನಿಗೇ ನಮ್ಮ ಪತ್ರ. ಅವರ ಕಣ್ಣಿಗೆ ಮೂರೂ ಒಂದೇ ಕಟ್ಟಿನವು. ಇನ್ನು ಹೋಟೆಲಿನ ಆಚೆ ನೋಡಿ, ಸಹಕಾರಿ ಬ್ಯಾಂಕು, ಮಸಾಲೆ ಕಂಪೆನಿ, ಆಸ್ಪತ್ರೆ, ಮನೆ ಕಟ್ಟುವ ಬಿಲ್ಡರು, ಇವರ ಹತ್ತಿರ ಹೋದರೆ ಪತ್ರ ಓದುವುದು ಮಾರ್ಕೆಟಿಂಗ್ ವಿಭಾಗದ ಒಬ್ಬ ನೌಕರ. ಆತನಿಗೆ ಕೊಡುಗೈ ಇಲ್ಲ, ಇರುವುದು ಬಜೆಟ್ಟು. ಆ ಬಜೆಟ್ಟಿನ ಪ್ರತಿ ರೂಪಾಯಿಗೂ ಮೇಲಿನವರಿಗೆ ಕಾರಣ ಹೇಳಬೇಕು. ಕೊಡುಗೈ ದಾನಿಗಳೂ ಆದ ತಾವು ಎಂಬ ಒಕ್ಕಣೆಯನ್ನು ಆತ ಯಾವ ಕಡತದಲ್ಲಿ ಇಡಬೇಕು?

ದಾನಕ್ಕೂ ಪ್ರಾಯೋಜಕತ್ವಕ್ಕೂ ನಡುವಿನ ಗೆರೆ ಬರೀ ರುಚಿಯ ಪ್ರಶ್ನೆಯಲ್ಲ, ಕಾನೂನು ಅದನ್ನು ಸ್ಪಷ್ಟವಾಗಿಯೇ ಎಳೆದಿದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಹೊರಡಿಸಿದ ಒಂದು ಸುತ್ತೋಲೆ ಧರ್ಮಾರ್ಥ ಸಂಸ್ಥೆಗಳಲ್ಲಿ ದಾನಿಗಳ ಹೆಸರು ಹಾಕುವುದರ ಬಗ್ಗೆಯೇ ಇದೆ. ತಂದೆಯ ನೆನಪಿಗೆಂದು ಕೊಟ್ಟ ಕೋಣೆಯ ಬಾಗಿಲಲ್ಲಿ ಮಗಳ ಹೆಸರು, ಕೊಡುಗೆಯಾಗಿ ಬಂದ ಡಿಜಿಟಲ್ ಹಲಗೆಯ ಅಡಿಯಲ್ಲಿ ಕೊಟ್ಟವರ ಶುಭ ಹಾರೈಕೆ, ಇಂಥವು ಕೃತಜ್ಞತೆ ಮಾತ್ರ, ಆ ಹಣಕ್ಕೆ ಜಿಎಸ್‌ಟಿ ಇಲ್ಲ ಎನ್ನುತ್ತದೆ ಅದು. ಶರತ್ತು ಏನೆಂದರೆ ಆ ಬರಹದಲ್ಲಿ ದಾನಿಯ ವ್ಯಾಪಾರದ ಪ್ರಸ್ತಾಪವಾಗಲೀ ಪ್ರಚಾರವಾಗಲೀ ಇರಬಾರದು. ‘ಶ್ರೀಮತಿ ಇಂಥವರ ಕೊಡುಗೆ’ ಎಂದರೆ ದಾನ. ಅದರ ಪಕ್ಕದಲ್ಲಿ ಅಂಗಡಿಯ ಹೆಸರು, ಲಾಂಛನ, ‘ನಮ್ಮಲ್ಲಿ ಮದುವೆ ಸೀರೆಗಳು ದೊರೆಯುತ್ತವೆ’ ಎಂದು ಸೇರಿಸಿದ ಕೂಡಲೆ ಅದು ಸೇವೆಯ ಮಾರಾಟವಾಗುತ್ತದೆ. ನಮ್ಮ ಪತ್ರದ ಎರಡನೆಯ ಪುಟದಲ್ಲಿ ಇರುವುದೆಲ್ಲ ಈ ಗೆರೆಯ ಆಚೆ ಬದಿಯದು. ಆದಾಯ ತೆರಿಗೆಯವರು ಇದನ್ನು ಇನ್ನೂ ಹಿಂದೆಯೇ ಹೇಳಿಬಿಟ್ಟಿದ್ದರು: 1995ರ ಆಗಸ್ಟ್‌ನ ಸುತ್ತೋಲೆಯ ಪ್ರಕಾರ ಪ್ರಾಯೋಜಕತ್ವದ ಒಪ್ಪಂದ ಮೂಲತಃ ಜಾಹೀರಾತಿನ ಕೆಲಸ. ಸಂಘಗಳ ಸ್ಮರಣ ಸಂಚಿಕೆಯ ಜಾಹೀರಾತಿಗೂ ಮೂಲದಲ್ಲೇ ತೆರಿಗೆ ಕಡಿತ ಅನ್ವಯಿಸುತ್ತದೆ. ಅಂದರೆ ಕಂಪೆನಿಯಿಂದ 50,000 ರೂಪಾಯಿಗೆ ಒಪ್ಪಿಗೆ ಸಿಕ್ಕಿದ್ದರೆ ಖಾತೆಗೆ ಬರುವುದು ಎರಡು ಶೇಕಡಾ ಕಳೆದು 49,000. ಉಳಿದ ಸಾವಿರ ಸಂಸ್ಥೆಯ ಪ್ಯಾನ್ ಹೆಸರಿನಲ್ಲಿ ಸರಕಾರಕ್ಕೆ ಹೋಗಿರುತ್ತದೆ, ಲೆಕ್ಕ ಸಲ್ಲಿಸಿ ವಾಪಸು ಕೇಳಬಹುದು. ಸಾವಿರ ಕಡಿಮೆ ಬಂತೆಂದು ಕಂಪೆನಿಗೆ ಫೋನು ಮಾಡಿ ಜಗಳ ಕಾಯ್ದ ಖಜಾಂಚಿಗಳು ಈ ಊರಿನಲ್ಲಿ ಕಡಿಮೆ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಪತ್ರದ ಕೊನೆಯ ಸಾಲಿನಲ್ಲಿ, 80ಜಿ ಎಂಬ ಆಮಿಷದಲ್ಲಿ. ಅದು ದಾನಕ್ಕೆ ಮಾತ್ರ ಸಿಗುವ ರಿಯಾಯಿತಿ. ನಮ್ಮಂಥ ಸಂಸ್ಥೆಗಳಿಗೆ ಕೊಟ್ಟ ಹಣದಲ್ಲಿ ಸಾಮಾನ್ಯವಾಗಿ ಅರ್ಧವನ್ನಷ್ಟೇ ಆದಾಯದಿಂದ ಕಳೆಯಬಹುದು, ಅದಕ್ಕೂ ಒಂದು ಮಿತಿ ಇದೆ. 2,000 ರೂಪಾಯಿಗೆ ಮೇಲ್ಪಟ್ಟು ನಗದಾಗಿ ಕೊಟ್ಟರೆ ಅದೂ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದ ವ್ಯಕ್ತಿಗಳಿಗೆ ಇದು ದಕ್ಕುವುದಿಲ್ಲ, ಕಡಿಮೆ ದರದ ತೆರಿಗೆಯನ್ನು ಆರಿಸಿಕೊಂಡ ಕಂಪೆನಿಗಳಿಗೂ ದಕ್ಕುವುದಿಲ್ಲ. ಅದೇ 50,000 ರೂಪಾಯಿಯನ್ನು ಒಂದು ಪಾಲುದಾರಿಕೆ ಸಂಸ್ಥೆ ಜಾಹೀರಾತು ಎಂದು ಖರ್ಚು ಹಾಕಿದರೆ, ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚೆಂದು ತೋರಿಸಬಲ್ಲದಾದರೆ, ಪೂರ್ತಿ 50,000 ಲಾಭದಿಂದ ಕಳೆಯುತ್ತದೆ. ಹೀಗಿರುವಾಗ ಬ್ಯಾನರನ್ನೂ ಕೊಟ್ಟು 80ಜಿ ರಸೀದಿಯನ್ನೂ ಕೊಡುತ್ತೇವೆ ಎನ್ನುವ ಪತ್ರ ಎರಡು ತಪ್ಪು ಮಾಡುತ್ತದೆ. ಕಾನೂನು ಒಪ್ಪದ ಮಾತು ಕೊಡುತ್ತದೆ, ಮತ್ತು ಹೆಚ್ಚು ಲಾಭದ ದಾರಿ ಬಿಟ್ಟು ಕಡಿಮೆ ಲಾಭದ ದಾರಿಯನ್ನು ದೊಡ್ಡದಾಗಿ ಡಂಗುರ ಹೊಡೆಯುತ್ತದೆ. ದೊಡ್ಡ ಕಂಪೆನಿಗಳ ಸಿಎಸ್‌ಆರ್ ಹಣದ್ದೂ ಇದೇ ಕಥೆ. 2021ರ ಜನವರಿಯಲ್ಲಿ ತಿದ್ದಿದ ನಿಯಮಗಳು ತನ್ನ ಸರಕಿಗೆ ಪ್ರಚಾರ ಸಿಗಲೆಂದು ಕಂಪೆನಿ ಮಾಡುವ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಲೆಕ್ಕದಿಂದ ಹೊರಗಿಟ್ಟಿವೆ. ವಿದ್ಯಾರ್ಥಿವೇತನಕ್ಕೆ ಸಿಎಸ್‌ಆರ್ ಕೇಳಬಹುದು, ವಾರ್ಷಿಕೋತ್ಸವದ ಬ್ಯಾನರಿಗೆ ಕೇಳುವಂತಿಲ್ಲ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಕಂಪೆನಿಯ ಕಾನೂನು ವಿಭಾಗ ಎರಡನ್ನೂ ಬದಿಗೆ ಸರಿಸುತ್ತದೆ.

ಹೋಟೆಲಿನವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದನ್ನು ಅವರ ಲೆಕ್ಕಿಗರು ಬಲ್ಲರು, ನಮ್ಮ ಪತ್ರ ಬರೆಯುವವರು ಬಲ್ಲವರಲ್ಲ. ಪ್ರಾಯೋಜಕತ್ವದ ಮೇಲೆ 18 ಶೇಕಡಾ ಜಿಎಸ್‌ಟಿ ಇದೆ. ಟ್ರಸ್ಟೊಂದು ಕಂಪೆನಿಗೋ ಪಾಲುದಾರಿಕೆಗೋ ಪ್ರಾಯೋಜಕತ್ವ ಕೊಟ್ಟರೆ ಆ ತೆರಿಗೆ ಕಟ್ಟುವ ಹೊಣೆ ಸಾಮಾನ್ಯವಾಗಿ ಪ್ರಾಯೋಜಕರ ಮೇಲೆಯೇ ಬೀಳುತ್ತದೆ. ಕಾರ್ಖಾನೆಯವರು ಅದನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ಆದರೆ 2017ರ ನವೆಂಬರ್‌ನಿಂದ ಐದು ಶೇಕಡಾ ತೆರಿಗೆಯಲ್ಲಿ ನಡೆಯುವ ಹೋಟೆಲುಗಳಿಗೆ ಆ ವಜಾ ಇಲ್ಲ. ಹಾಗಾಗಿ ನಾವು 50,000 ಎಂದು ಬರೆದದ್ದು ಹೋಟೆಲಿನ ಕಿಸೆಯಲ್ಲಿ 59,000 ಆಗುತ್ತದೆ. ಸ್ಮರಣ ಸಂಚಿಕೆಯ ಪುಟ ಮಾರುವುದಾದರೆ ಮುದ್ರಣ ಮಾಧ್ಯಮದ ಜಾಗಕ್ಕೆ ದರ ಐದು ಶೇಕಡಾ ಮಾತ್ರ. ಇದನ್ನೆಲ್ಲ ಪತ್ರದಲ್ಲಿ ಉಪನ್ಯಾಸದಂತೆ ಬರೆಯಬೇಕೆಂದಲ್ಲ. ಬರೆಯುವ ಮುನ್ನ ಸಂಸ್ಥೆಯ ಲೆಕ್ಕಪರಿಶೋಧಕರ ಹತ್ತಿರ ಅರ್ಧ ಗಂಟೆ ಕೂತರೆ ಯಾವ ಸೌಲಭ್ಯವನ್ನು ಯಾವ ಹೆಸರಿನಲ್ಲಿ ಯಾರಿಗೆ ಕೊಡಬೇಕೆಂದು ತಿಳಿಯುತ್ತದೆ. ತೆರಿಗೆ ಸೇರಿದೆಯೋ ಬೇರೆಯೋ ಎಂಬ ಒಂದು ಸಾಲು ಪತ್ರದಲ್ಲಿ ಇದ್ದರೆ ಸಾಕು.

ಈಗ ಸೌಲಭ್ಯಗಳ ಪಟ್ಟಿಗೆ ಬರೋಣ. ಉಪನಗರದ ಒಂದು ಶಿಕ್ಷಣ ಸಂಸ್ಥೆಯ ವಾರ್ಷಿಕೋತ್ಸವ, ಐನೂರು ಕುರ್ಚಿಯ ಸಭಾಂಗಣ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬಾಡಿಗೆ 60,000, ಧ್ವನಿ-ಬೆಳಕು 50,000, ಐನೂರು ಮಂದಿಗೆ ತಲೆಗೆ 180ರಂತೆ ಊಟ 90,000, ಕಲಾವಿದರಿಗೆ 80,000, ಸ್ಮರಣ ಸಂಚಿಕೆಯ ಐನೂರು ಪ್ರತಿಗೆ 80,000, ಮಕ್ಕಳ ಬಹುಮಾನ ಮತ್ತು ಪುಸ್ತಕಕ್ಕೆ 40,000. ಒಟ್ಟು ನಾಲ್ಕು ಲಕ್ಷ. ರೂಢಿಯ ಪತ್ರ ಈ ನಾಲ್ಕು ಲಕ್ಷವನ್ನು ಒಂದು ಪ್ಲಾಟಿನಂ, ಎರಡು ಗೋಲ್ಡ್, ನಾಲ್ಕು ಸಿಲ್ವರ್ ಎಂದು ಒಡೆದು ಊರಿಗೆಲ್ಲ ಹಂಚುತ್ತದೆ. ಚಿನ್ನಕ್ಕೂ ಬೆಳ್ಳಿಗೂ ಇರುವ ವ್ಯತ್ಯಾಸ ಬ್ಯಾನರಿನ ಮೇಲೆ ಹೆಸರಿನ ಅಕ್ಷರದ ಗಾತ್ರ ಮಾತ್ರ. ಓದುವವನಿಗೆ ತನ್ನ ಹಣ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ, ಹಿಂದಕ್ಕೆ ಏನು ಬಂತೆಂದು ಅಳೆಯಲೂ ಆಗುವುದಿಲ್ಲ. ಸಂಚಿಕೆಯ ಒಂದು ಪೂರ್ಣ ಪುಟಕ್ಕೆ 10,000 ಎಂದರೆ ಒಂದು ಪ್ರತಿಗೆ 20 ರೂಪಾಯಿ ಬಿದ್ದಂತಾಯಿತು. ಆ ಐನೂರರಲ್ಲಿ ಎಷ್ಟು ಪ್ರತಿ ಮನೆ ಸೇರುತ್ತವೆ, ಎಷ್ಟು ಕುರ್ಚಿಯ ಕೆಳಗೆ ಉಳಿಯುತ್ತವೆ ಎಂಬುದನ್ನು ಸಭಾಂಗಣ ಗುಡಿಸುವವರನ್ನು ಕೇಳಬೇಕು. ಎರಡು ಲಕ್ಷದ ಜಾಹೀರಾತು ಬಂದರೂ ಅದರಲ್ಲಿ 80,000 ಮುದ್ರಣಾಲಯಕ್ಕೆ ಹೋಗುತ್ತದೆ. ಉಳಿದ 1,20,000ಕ್ಕಾಗಿ ಕಾರ್ಯಕರ್ತರು ಬ್ಲಾಕು ತರಲು, ಪ್ರೂಫು ತೋರಿಸಲು, ಚೆಕ್ಕಿಗಾಗಿ ಮೂರು ಸಲ ಅಲೆಯಲು ರಜೆ ಹಾಕಿರುತ್ತಾರೆ.

ಅದೇ ನಾಲ್ಕು ಲಕ್ಷವನ್ನು ಖರ್ಚಿನ ಬಾಬ್ತಿನಂತೆಯೇ ಬಿಡಿಸಿಟ್ಟು, ಪ್ರತಿ ಬಾಬ್ತಿನ ಪಕ್ಕದಲ್ಲಿ ಯಾರಿಗೆ ಇದರಲ್ಲಿ ನಿಜವಾದ ಆಸಕ್ತಿ ಇರಬಹುದು ಎಂದು ಯೋಚಿಸಿ ನೋಡಿ. ಊಟದ 90,000 ಒಂದು ಮಸಾಲೆ ಅಥವಾ ಎಣ್ಣೆ ಕಂಪೆನಿಗೆ ಅರ್ಥವಾಗುವ ಮೊತ್ತ: ಐನೂರು ಮಂದಿ ಅವರ ಸಾರು ಉಂಡರು, ಪಂಕ್ತಿಯ ಪಕ್ಕದ ಮೇಜಿನಲ್ಲಿ ಅವರ ಪ್ಯಾಕೆಟ್ಟು ಇತ್ತು, ಕೈ ತೊಳೆದು ಬರುವ ದಾರಿಯಲ್ಲಿ ಒಂದು ಕೂಪನ್ ಸಿಕ್ಕಿತು. ಒಂದು ವಾರದಲ್ಲಿ ಎಷ್ಟು ಕೂಪನ್ ಅಂಗಡಿಗೆ ಬಂತೆಂದು ಅವರೇ ಎಣಿಸಿಕೊಳ್ಳಬಹುದು. ಬಹುಮಾನದ 40,000 ಸಹಕಾರಿ ಬ್ಯಾಂಕಿಗೆ ಹೊಂದುತ್ತದೆ. ಈ ನಗರದಲ್ಲಿ ನಮ್ಮ ಸಮಾಜಗಳೇ ಕಟ್ಟಿದ ಬ್ಯಾಂಕುಗಳಿವೆ. ಶಾಮರಾವ್ ವಿಠಲ ಬ್ಯಾಂಕು 1906ರದು, ಭಾರತ್ ಬ್ಯಾಂಕು 1978ರದು. ಬಹುಮಾನದ ಹಣವನ್ನು ಲಕೋಟೆಯಲ್ಲಿ ಕೊಡುವ ಬದಲು ಮಗುವಿನ ಹೆಸರಿನಲ್ಲಿ ಖಾತೆ ತೆರೆದು ಜಮೆ ಮಾಡುವ ಪ್ರಸ್ತಾಪ ಇಟ್ಟರೆ ಅಂಥ ಬ್ಯಾಂಕಿಗೆ ಮುಂದಿನ ಇಪ್ಪತ್ತು ವರ್ಷದ ಗಿರಾಕಿ ಸಿಕ್ಕಂತೆ, ತಂದೆ-ತಾಯಿ ಶಾಖೆಗೆ ಬಂದು ಹೋಗುತ್ತಾರೆ. ಧ್ವನಿ-ಬೆಳಕಿನ ಬಾಬ್ತು ಯಾರಿಗೂ ಹೊಂದುವುದಿಲ್ಲ. ಮೈಕಿನ ಪ್ರಾಯೋಜಕರೆಂದು ಕರೆಸಿಕೊಳ್ಳಲು ಯಾರೂ ಮುಂದೆ ಬರಲಾರರು. ಸಭಾಂಗಣದ ಬಾಡಿಗೆಯೂ ಹಾಗೆಯೇ. ಅವೆರಡನ್ನು ಹಳೆಯ ವಿದ್ಯಾರ್ಥಿಗಳ ಮುಂದೆ ದಾನವಾಗಿಯೇ ಇಡಬೇಕು. ಯಾವುದು ಮಾರಾಟಕ್ಕಿದೆ, ಯಾವುದಕ್ಕೆ ಕೈಯೊಡ್ಡಬೇಕು ಎಂಬುದು ಹೀಗೆ ಬಿಡಿಸಿ ಕೂತಾಗ ತಾನಾಗಿ ಬೇರೆಯಾಗುತ್ತದೆ, ಪತ್ರವೂ ಎರಡಾಗುತ್ತದೆ.

ಕೊಟ್ಟ ಮಾತು ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಪೈಪೋಟಿಯವರನ್ನು ಒಂದೇ ಬ್ಯಾನರಿಗೆ ಹಾಕುವುದು. ಒಂದು ಬ್ಯಾಂಕು ಒಪ್ಪಿದ ಮೇಲೆ ಇನ್ನೊಬ್ಬ ಪದಾಧಿಕಾರಿ ತನ್ನ ಪರಿಚಯದ ಬೇರೆ ಬ್ಯಾಂಕಿನಿಂದ ಅರ್ಧ ಪುಟ ತಂದುಬಿಡುತ್ತಾನೆ. ಅವನ ಲೆಕ್ಕದಲ್ಲಿ ಅದು ಉತ್ಸಾಹ, ಮೊದಲ ಬ್ಯಾಂಕಿನ ಲೆಕ್ಕದಲ್ಲಿ ಅದು ಮೋಸ. ನಿಮ್ಮ ವ್ಯವಹಾರದವರಲ್ಲಿ ನೀವೊಬ್ಬರೇ ಎಂಬ ಮಾತಿಗೆ ಮಾರುಕಟ್ಟೆಯಲ್ಲಿ ಲಾಂಛನದ ಗಾತ್ರಕ್ಕಿಂತ ಹೆಚ್ಚು ಬೆಲೆ ಇದೆ, ಅದನ್ನು ಕೊಡಲು ಸಂಸ್ಥೆಗೆ ಕಾಸೂ ಖರ್ಚಿಲ್ಲ. ಬೇಕಾದ್ದು ಸಮಿತಿಯಲ್ಲಿ ಒಬ್ಬನೇ ಪಟ್ಟಿ ಇಟ್ಟುಕೊಳ್ಳುವುದು, ಅವನನ್ನು ಕೇಳದೆ ಯಾರೂ ರಸೀದಿ ಹರಿಯದಿರುವುದು. ಎರಡನೆಯದು ವೇದಿಕೆ. ಸಿಲ್ವರ್‌ವರೆಗೆ ಎಲ್ಲರಿಗೂ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ, ಫೋಟೋ ಎಂದು ಬರೆದು ಕೊಟ್ಟಿರುತ್ತಾರೆ. ಒಬ್ಬರಿಗೆ ಮೂರೇ ನಿಮಿಷ ಎಂದರೂ ಇಪ್ಪತ್ತು ಮಂದಿಗೆ ಒಂದು ಗಂಟೆ. ಮಕ್ಕಳ ನಾಟಕ ಆ ಗಂಟೆಯ ಆಚೆಗೆ ಹೋಗುತ್ತದೆ. ವಿರಾರಿಗೂ ಬದಲಾಪುರಕ್ಕೂ ಮರಳಬೇಕಾದ ಪ್ರೇಕ್ಷಕರು ಎದ್ದು ಹೊರಡುತ್ತಾರೆ. ಪ್ರಾಯೋಜಕರು ಯಾವ ಪ್ರೇಕ್ಷಕರಿಗಾಗಿ ಹಣ ಕೊಟ್ಟರೋ ಆ ಪ್ರೇಕ್ಷಕರನ್ನು ಪ್ರಾಯೋಜಕರ ಸನ್ಮಾನವೇ ಓಡಿಸುತ್ತದೆ! ಮುಂಬಯಿಯಲ್ಲಿ ಲೋಕಲ್ ಟ್ರೇನಿನ ಕೊನೆಯ ಹೊತ್ತು ಎಲ್ಲ ಕಾರ್ಯಕ್ರಮಗಳ ಅಘೋಷಿತ ಅಧ್ಯಕ್ಷ.

ಕೊಡಲೇಬಾರದ ಮಾತುಗಳೂ ಇವೆ. ರಸ್ತೆಯ ಮೇಲೆ, ಸಿಗ್ನಲ್ ಕಂಬಕ್ಕೆ, ಸ್ಟೇಷನ್ನಿನ ಹೊರಗೆ ನಿಮ್ಮ ಹೆಸರಿನ ಫಲಕ ಕಟ್ಟುತ್ತೇವೆ ಎಂಬುದು ಅಂಥದ್ದು. ಮಹಾನಗರಪಾಲಿಕೆಯ ಪರವಾನಗಿ ಇಲ್ಲದ ಫಲಕಗಳ ವಿರುದ್ಧ ಬಾಂಬೆ ಹೈಕೋರ್ಟು ಮತ್ತೆ ಮತ್ತೆ ಆದೇಶ ಮಾಡಿದೆ. 2024ರ ಮೇ 13ರಂದು ಘಾಟ್ಕೋಪರದಲ್ಲಿ ದೈತ್ಯ ಹೋರ್ಡಿಂಗ್ ಬಿದ್ದು 17 ಮಂದಿ ಸತ್ತ ಮೇಲೆ ಒಳ್ಳೆಯ ಹೆಸರಿನ ಯಾವ ಕಂಪೆನಿಯೂ ತನ್ನ ಲಾಂಛನ ಅಕ್ರಮ ಫಲಕದ ಮೇಲೆ ಇರುವುದನ್ನು ಬಯಸುವುದಿಲ್ಲ. ಸದಸ್ಯರ ಫೋನ್ ನಂಬರುಗಳ ಪಟ್ಟಿಯನ್ನು ಪ್ರಾಯೋಜಕರಿಗೆ ಕೊಡುತ್ತೇವೆ ಎಂಬುದೂ ಅಷ್ಟೇ. ಅದು ಸಂಸ್ಥೆಯ ಸ್ವತ್ತಲ್ಲ, ಸದಸ್ಯರ ಒಪ್ಪಿಗೆ ಇಲ್ಲದೆ ಕೊಡುವ ಹಕ್ಕು ನಮಗಿಲ್ಲ.

ಇಷ್ಟು ಹೇಳಿದ ಕೂಡಲೆ ಹಿರಿಯ ಪದಾಧಿಕಾರಿಗಳಿಂದ ಬರುವ ಆಕ್ಷೇಪ ಗೊತ್ತಿದ್ದದ್ದೇ: ನಮ್ಮವರು ನಮ್ಮವರೆಂದು ಕೊಡುತ್ತಾರೆ, ಪತ್ರ ನೋಡಿ ಅಲ್ಲ. ಇದರಲ್ಲಿ ಸತ್ಯ ಇದೆ, ಅದನ್ನು ನಾನು ಮೇಲೆಯೇ ಒಪ್ಪಿದ್ದೇನೆ. ಆದರೆ ಆ ಮಾತು ಪತ್ರವನ್ನು ದಾನದ ಪತ್ರವಾಗಿಯೇ ಇಡಲು ಸಮರ್ಥನೆ, ಹಿಂದೆ ಪ್ಲಾಟಿನಂ ಪಟ್ಟಿ ಅಂಟಿಸಲು ಅಲ್ಲ. ಋಣಭಾವದಿಂದ ಕೊಡುವ ಹಿರಿಯರಿಗೆ ದರಪಟ್ಟಿ ತೋರಿಸುವುದು ಅವರಿಗೆ ಮಾಡುವ ಅವಮಾನ. 25,000 ಕೊಡಬೇಕೆಂದು ಮನಸ್ಸು ಮಾಡಿದ್ದವರು ಪಟ್ಟಿಯಲ್ಲಿ ಅರ್ಧ ಪುಟಕ್ಕೆ 5,000 ಎಂದು ಕಂಡು, ಅಷ್ಟಕ್ಕೇ ನಿಲ್ಲಿಸಿದರೆ ತಪ್ಪು ಯಾರದು? ದರ ಬರೆದದ್ದೇ ದಾನಕ್ಕೆ ಮಿತಿ ಹಾಕಿತು. ಅವರಿಗೆ ಬೇಕಾದ್ದು ಮನೆಗೆ ಬಂದು ಕೇಳುವ ಇಬ್ಬರು, ಒಂದು ಪುಟದ ಕೈಬರಹದ ಪತ್ರ, ಹಣ ಯಾವ ಮಗುವಿನ ಓದಿಗೆ ಹೋಗುತ್ತದೆ ಎಂಬ ವಿವರ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕ ಇದೆ: ಹೀಗೆ ಪ್ರತಿಯೊಂದನ್ನೂ ಅಳೆದು ಮಾರಿದರೆ ಉತ್ಸವ ಸಂತೆಯಾಗುತ್ತದೆ. ಪೊವಾಯಿಯ ಐಐಟಿಯ ಮೂಡ್ ಇಂಡಿಗೋ, ಟೆಕ್‌ಫೆಸ್ಟ್‌ನಂಥ ವಿದ್ಯಾರ್ಥಿ ಉತ್ಸವಗಳಲ್ಲಿ ಮಾರ್ಕೆಟಿಂಗ್‌ಗೆಂದೇ ತಂಡ ಇರುತ್ತದೆ, ಅಂಗಳದ ತುಂಬ ಕಂಪೆನಿಗಳ ಹೆಸರಿರುತ್ತದೆ. ನಗರದ ಮ್ಯಾರಥಾನ್ ಓಟ 2004ರಿಂದ ಒಂದು ಬ್ಯಾಂಕಿನ ಹೆಸರು ಹೊತ್ತಿತ್ತು, 2018ರಿಂದ ಟಾಟಾ ಹೆಸರು ಹೊತ್ತಿದೆ, ಓಟ ಅದೇ. ದೊಡ್ಡ ಹಣಕ್ಕೆ ಹೆಸರನ್ನೇ ಮಾರಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ, ಅದು ನಮ್ಮ ಸಂಸ್ಥೆಗಳಿಗೆ ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಏನನ್ನು ಮಾರುವುದಿಲ್ಲ ಎಂದು ಮೊದಲೇ ಬರೆದಿಟ್ಟುಕೊಂಡವರಿಗೆ ಮಾತ್ರ ಸಂತೆಯನ್ನು ಬಾಗಿಲ ಹೊರಗೆ ನಿಲ್ಲಿಸಲು ಸಾಧ್ಯ. ಸಂಸ್ಥಾಪಕರ ಹೆಸರಿನ ಪ್ರಶಸ್ತಿಗೆ ಪ್ರಾಯೋಜಕರ ಹೆಸರು ಜೋಡಿಸುವುದಿಲ್ಲ, ಮಕ್ಕಳ ಕೈಗೆ ಲಾಂಛನದ ಟೋಪಿ ಕೊಡುವುದಿಲ್ಲ, ಗುಟ್ಕಾ-ಮದ್ಯದವರ ಹಣ ಬೇಡ, ವೇದಿಕೆಯ ಹಿಂಬದಿಯ ಪರದೆಯಲ್ಲಿ ಸಂಸ್ಥೆಯ ಹೆಸರು ಬಿಟ್ಟು ಬೇರೆ ಇಲ್ಲ, ಲಾಂಛನಗಳೆಲ್ಲ ಊಟದ ಅಂಗಳದಲ್ಲಿ. ಈ ಮಾತನ್ನು ಪತ್ರದಲ್ಲೇ ಸೇರಿಸಿದರೆ ಒಳ್ಳೆಯ ಪ್ರಾಯೋಜಕರು ಬೆದರುವುದಿಲ್ಲ. ತಮ್ಮ ಹೆಸರು ಎಂಥ ಹೆಸರುಗಳ ಪಕ್ಕದಲ್ಲಿ ಇರಲಿದೆ ಎಂಬುದು ಅವರಿಗೂ ಬೇಕಾದ ಮಾಹಿತಿ.

ಹಾಗಾದರೆ ವ್ಯಾಪಾರದ ಪತ್ರ ಹೇಗಿರಬೇಕು? ನಾನು ಬರೆಯುವುದಾದರೆ ಮಸಾಲೆ ಕಂಪೆನಿಗೆ ಹೀಗೆ ಶುರು ಮಾಡುತ್ತೇನೆ: ‘ಜನವರಿಯ ಮೂರನೆಯ ಭಾನುವಾರ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸುಮಾರು ಐನೂರು ಮಂದಿ ಬರುತ್ತಾರೆ. ಹೆಚ್ಚಿನವರು ಠಾಣೆ ಮತ್ತು ಮುಲುಂಡಿನ ಕನ್ನಡ ಕುಟುಂಬಗಳವರು. ಮಧ್ಯಾಹ್ನದ ಊಟ ಬಾಳೆ ಎಲೆಯಲ್ಲಿ, ಮೂರು ಪಂಕ್ತಿ. ಈ ಊಟವನ್ನು ನಿಮ್ಮ ಹೆಸರಿನಲ್ಲಿ ಬಡಿಸಲು 90,000 ರೂಪಾಯಿ ಕೇಳುತ್ತಿದ್ದೇವೆ, ತೆರಿಗೆ ಬೇರೆ. ಮಸಾಲೆ ವ್ಯವಹಾರದವರಲ್ಲಿ ನೀವೊಬ್ಬರೇ ಇರುತ್ತೀರಿ. ಡಿಸೆಂಬರ್ ಹತ್ತರೊಳಗೆ ತಿಳಿಸಿದರೆ ಆಮಂತ್ರಣದಲ್ಲಿ ಹೆಸರು ಹಾಕಲು ಸಾಧ್ಯ.’ ಇದಾದ ಮೇಲೆ ಸಂಸ್ಥೆಯ ಬಗ್ಗೆ ಎರಡು ಸಾಲು, ಸಂಪರ್ಕಕ್ಕೆ ಒಬ್ಬರೇ ಒಬ್ಬರ ಹೆಸರು ಮತ್ತು ನಂಬರು, ಚೆಕ್ಕು ಯಾರ ಹೆಸರಿಗೆ ಎಂಬುದು. ಒಂದೇ ಪುಟ. ಎಷ್ಟು ಮಂದಿ ಬರುತ್ತಾರೆ ಎಂಬ ಸಂಖ್ಯೆಯನ್ನು ಉಬ್ಬಿಸಬಾರದು. ಐನೂರು ಕುರ್ಚಿಯ ಸಭಾಂಗಣಕ್ಕೆ ಎರಡು ಸಾವಿರ ಪ್ರೇಕ್ಷಕರೆಂದು ಬರೆದ ಪತ್ರಗಳನ್ನು ಕಂಡಿದ್ದೇನೆ, ಸಭಾಂಗಣದ ಹೆಸರೂ ಅದೇ ಪುಟದಲ್ಲಿ ಇತ್ತು. ಹೊತ್ತೂ ಮುಖ್ಯ. ಕಂಪೆನಿಗಳ ಪ್ರಚಾರದ ಹಣ ಏಪ್ರಿಲ್‌ನಲ್ಲಿ ಹಂಚಿಕೆಯಾಗುತ್ತದೆ, ಜನವರಿಯ ಕಾರ್ಯಕ್ರಮಕ್ಕೆ ಡಿಸೆಂಬರ್ ಕೊನೆಯಲ್ಲಿ ಕೇಳಿದರೆ ಉಳಿದಿರುವುದು ಚಿಲ್ಲರೆ. ಆಗಸ್ಟಿನಲ್ಲಿ ಕೇಳಿದವರಿಗೆ ಇಲ್ಲ ಎಂಬ ಉತ್ತರವಾದರೂ ಬೇಗ ಸಿಗುತ್ತದೆ, ಬೇರೆಯವರ ಹತ್ತಿರ ಹೋಗಲು ಕಾಲ ಉಳಿಯುತ್ತದೆ.

ಸಣ್ಣ ಸಂಸ್ಥೆಯಲ್ಲಿ ಇದನ್ನೆಲ್ಲ ಮಾಡುವವರು ಯಾರು, ಎಲ್ಲರೂ ಕೆಲಸ ಮುಗಿಸಿ ಬಂದು ದುಡಿಯುವವರು ಎಂಬುದು ಕೊನೆಯ ಆಕ್ಷೇಪ. ನನ್ನ ಲೆಕ್ಕ ಬೇರೆ. ನೂರೈವತ್ತು ಅಂಗಡಿಗಳಿಗೆ ಒಂದೇ ಪತ್ರ ಹಂಚಿ, ನಲವತ್ತು ಕಡೆ ಅಲೆದು, ಸಂಚಿಕೆ ಅಚ್ಚು ಹಾಕಿಸುವುದಕ್ಕಿಂತ ಹತ್ತು ಕಡೆಗೆ ಹತ್ತು ಬೇರೆ ಬೇರೆ ಪತ್ರ ಬರೆಯುವುದು ಹಗುರ. ನಿಜವಾಗಿ ಹೆಚ್ಚುವರಿ ಕೆಲಸ ಒಂದೇ, ಅದು ಕಾರ್ಯಕ್ರಮ ಮುಗಿದ ಮೇಲಿನದು, ಎಲ್ಲರೂ ದಣಿದು ಬಿಟ್ಟುಬಿಡುವಂಥದ್ದು. ಹದಿನೈದು ದಿನದೊಳಗೆ ಪ್ರತಿ ಪ್ರಾಯೋಜಕರಿಗೂ ಎರಡನೆಯ ಪತ್ರ ಹೋಗಬೇಕು. ಕೊಡುತ್ತೇವೆ ಎಂದದ್ದರಲ್ಲಿ ಏನೇನು ಕೊಟ್ಟೆವು, ಊಟಕ್ಕೆ ಎಷ್ಟು ಎಲೆ ಬಿತ್ತು, ಎಷ್ಟು ಕೂಪನ್ ಹಂಚಿದೆವು, ಅವರ ಮೇಜಿನ ಎರಡು ಫೋಟೋ, ಉದಯವಾಣಿಯಲ್ಲೋ ಕರ್ನಾಟಕ ಮಲ್ಲದಲ್ಲೋ ವರದಿ ಬಂದಿದ್ದರೆ ಅದರ ಕತ್ತರಿಕೆ, ಜೊತೆಗೆ ಬಿಲ್ಲು. ಕೊಡಲಾಗದೆ ಹೋದದ್ದು ಇದ್ದರೆ ಅದೂ ಆ ಪಟ್ಟಿಯಲ್ಲಿ ಇರಲಿ, ಅದಕ್ಕೆ ತಕ್ಕ ಹಣ ಬಿಟ್ಟುಕೊಡುವ ಮಾತೂ ಇರಲಿ. ಮಾರ್ಕೆಟಿಂಗ್ ವಿಭಾಗದ ಆ ನೌಕರನಿಗೆ ತನ್ನ ಮೇಲಿನವರ ಮುಂದೆ ಇಡಲು ಬೇಕಾಗಿದ್ದದ್ದು ಈ ಕಾಗದ. ಇದು ಏಪ್ರಿಲ್‌ಗೆ ಮುಂಚೆ ಅವನ ಕಡತದಲ್ಲಿ ಇದ್ದರೆ ಮುಂದಿನ ವರ್ಷದ ಬಜೆಟ್ಟಿನಲ್ಲಿ ನಮ್ಮ ಶಾಲೆಯ ಹೆಸರು ಒಂದು ಸಾಲಾಗಿ ಸೇರಲು ದಾರಿಯಾಗುತ್ತದೆ, ಆಗ ಆಗಸ್ಟಿನ ಪತ್ರ ಅರ್ಧ ಪುಟಕ್ಕೆ ಇಳಿಯುತ್ತದೆ.